ಕೆಲವೇ ವಾರದಲ್ಲಿ ಹಂಗುಲ್ ಓದಿ ಬರೆಯುವುದು: ಟೋಪಿಕ್ 1 ಬರೆಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೊರಿಯನ್ ಭಾಷೆಯ ಮೊದಲ ಹಂತದ ಪರೀಕ್ಷೆಗೆ ಕೂರಬೇಕು ಅಂದುಕೊಂಡವರು ನನ್ನನ್ನು ಕೇಳಿದ ಪ್ರಶ್ನೆಗಳು ಇಲ್ಲಿವೆ. ನಾನೂ ಒಂದು ಕಾಲಕ್ಕೆ ಇವನ್ನೇ ಕೇಳಿದ್ದೆ. ವ್ಯಾಕರಣ, ಪದಕೋಶದ ವಿಷಯ ಇಲ್ಲಿಲ್ಲ. ಲಿಪಿಯ ಮಾತು ಮಾತ್ರ ಇದೆ, ಅದೂ ಕನ್ನಡ ಓದಿ ಬೆಳೆದವರ ಕಣ್ಣು ಕಿವಿಗೆ ಎಲ್ಲಿ ಸುಲಭ, ಎಲ್ಲಿ ಎಡವಟ್ಟು ಅನ್ನುವುದು.

ಟೋಪಿಕ್ 1ರಲ್ಲಿ ಬರೆಯುವ ವಿಭಾಗವೇ ಇಲ್ಲವಂತೆ. ಮತ್ತೆ ಬರೆಯುವುದನ್ನು ಯಾಕೆ ಕಲಿಯಬೇಕು?

ನಿಜ, ಇಲ್ಲ. ಕಾಗದದ ಪರೀಕ್ಷೆಯಲ್ಲಿ ಕೇಳಿ ಉತ್ತರಿಸುವ 30 ಪ್ರಶ್ನೆಗಳು, ಅದಕ್ಕೆ 40 ನಿಮಿಷ. ಓದಿ ಉತ್ತರಿಸುವ 40 ಪ್ರಶ್ನೆಗಳು, ಅದಕ್ಕೆ 60 ನಿಮಿಷ. ಎಲ್ಲವೂ ನಾಲ್ಕರಲ್ಲಿ ಒಂದನ್ನು ಆರಿಸುವಂಥವು. ಒಟ್ಟು 200 ಅಂಕದಲ್ಲಿ 80 ಬಂದರೆ ಒಂದನೇ ಮಟ್ಟ, 140 ಬಂದರೆ ಎರಡನೇ ಮಟ್ಟ. ಪ್ರಬಂಧ ಬರೆಯುವ ಕೆಲಸ ಶುರುವಾಗುವುದು ಟೋಪಿಕ್ 2ರಲ್ಲಿ.

ಆದರೂ ಬರೆಯಿರಿ ಅನ್ನುತ್ತೇನೆ. ಕಾರಣ ಸರಳ. ಒಂದು ಓದುವ ಪ್ರಶ್ನೆಗೆ ಸಿಗುವುದು ಒಂದೂವರೆ ನಿಮಿಷ. ಅಷ್ಟರಲ್ಲಿ ಒಂದು ಪುಟ್ಟ ಪ್ಯಾರಾ, ನಾಲ್ಕು ಆಯ್ಕೆಗಳನ್ನು ಓದಿ ಮುಗಿಸಬೇಕು. ಅಕ್ಷರ ಕೂಡಿಸಿ ಕೂಡಿಸಿ ಓದುವವರಿಗೆ ಇದು ಸಾಲದು. ಪದವನ್ನು ನೋಡಿದ ತಕ್ಷಣ ಗುರುತು ಹಿಡಿಯಬೇಕು ಅಂದರೆ ಕೈಯಿಂದ ಒಂದಷ್ಟು ಸಲ ಬರೆದಿರಬೇಕು. ಬರೆಯುವಾಗ ㅓ ಮತ್ತು ㅏ ನಡುವೆ ಗೆರೆ ಯಾವ ಕಡೆ ಅನ್ನುವುದನ್ನು ಕೈ ನಿರ್ಧರಿಸಲೇಬೇಕು. ಸುಮ್ನೆ ನೋಡುವಾಗ ಕಣ್ಣು ಅದನ್ನು ಹಾರಿಸಿಬಿಡುತ್ತದೆ.

ಒಟ್ಟು ಎಷ್ಟು ಅಕ್ಷರ? ಎಷ್ಟು ದಿನ ಬೇಕು?

ಮೂಲ ಅಕ್ಷರಗಳು 24. ವ್ಯಂಜನ 14, ಸ್ವರ 10. ಜೋಡಿ ವ್ಯಂಜನ, ಕೂಡು ಸ್ವರಗಳನ್ನು ಸೇರಿಸಿದರೆ 40 ಆಗುತ್ತದೆ. ನಮ್ಮ ವರ್ಣಮಾಲೆ ಕಲಿತವರಿಗೆ ಇದೇನೂ ಹೆಚ್ಚಲ್ಲ. ದಿನಕ್ಕೆ ಮುಕ್ಕಾಲು ಗಂಟೆ ಕೂತರೆ ಮೂಲ ಆಕಾರಗಳು ಒಂದು ವಾರದೊಳಗೆ ಬರುತ್ತವೆ.

‘ಹಂಗುಲ್ ಒಂದೇ ದಿನದಲ್ಲಿ ಕಲಿತೆ’ ಅನ್ನುವವರು ಹೇಳುತ್ತಿರುವುದು ಈ ಆಕಾರಗಳ ಮಾತು. ಅದು ಸುಳ್ಳಲ್ಲ. ಆದರೆ ಪರೀಕ್ಷೆಯಲ್ಲಿ ಕೈಕೊಡುವುದು ಆಕಾರವಲ್ಲ, ಅಕ್ಷರಗಳು ಕೂಡಿ ಆಗುವ ಎರಡು ಬ್ಲಾಕ್‌ಗಳು ಅಕ್ಕಪಕ್ಕ ಬಂದಾಗ ಉಚ್ಚಾರ ಬದಲಾಗುವುದು. ನಾಲ್ಕು ವಾರದಲ್ಲಿ ಉಳಿದದ್ದನ್ನು ಹೆಚ್ಚಾಗಿ ಅದಕ್ಕೆ ಇಡಿ.

ಇದು ನಮ್ಮ ಕಾಗುಣಿತದ ಹಾಗೆಯೇ ಅಲ್ವಾ?

ಮುಕ್ಕಾಲು ಪಾಲು ಹೌದು. ಕ್ + ಇ = ಕಿ ಆಗುವ ಹಾಗೆ ㄱ + ㅣ = 기. ನಿಂತ ಸ್ವರ (ㅏ ㅓ ㅣ) ವ್ಯಂಜನದ ಬಲಕ್ಕೆ ಕೂರುತ್ತದೆ: 나. ಮಲಗಿದ ಸ್ವರ (ㅗ ㅜ ㅡ) ಕೆಳಗೆ ಕೂರುತ್ತದೆ: 노. ಸ್ವರ ಒಂದೇ ಬಂದರೆ ಅದರ ಮುಂದೆ ಸದ್ದಿಲ್ಲದ ㅇ ಇಡಬೇಕು: 아. ರೋಮನ್ ಅಕ್ಷರ ಮಾತ್ರ ಗೊತ್ತಿರುವವರಿಗೆ ಈ ಕಟ್ಟೋಣವೇ ಹೊಸದು. ನಮಗೆ ಹಾಗಲ್ಲ.

ಉಳಿದ ಕಾಲು ಪಾಲಿನಲ್ಲೇ ಅಪಾಯ ಇರುವುದು. ಕೊರಿಯನ್ ಬ್ಲಾಕ್‌ನ ತಳದಲ್ಲಿ ಇನ್ನೊಂದು ವ್ಯಂಜನ ಬರಬಹುದು: 각. ಕನ್ನಡ ಕಣ್ಣಿಗೆ ಇದು ಥೇಟ್ ಒತ್ತಕ್ಷರ. ಮೇಲೆ ಒಂದು ವ್ಯಂಜನ, ಕೆಳಗೆ ಒಂದು, ಹಾಗಾಗಿ ‘ಕ್ಕ’ ಅಂತ ಓದಿಬಿಡುತ್ತೇವೆ. ಆದರೆ ನಮ್ಮ ಒತ್ತಿನಲ್ಲಿ ಎರಡೂ ವ್ಯಂಜನ ಮುಗಿದ ಮೇಲೆ ಸ್ವರ ಬರುತ್ತದೆ. ಹಂಗುಲ್‌ನಲ್ಲಿ ಸ್ವರ ಮೊದಲು, ತಳದ ವ್ಯಂಜನ ಆಮೇಲೆ. 각 ಅಂದರೆ ‘ಕಾಕ್’. ಅದು ನಮ್ಮ ಒತ್ತಿನ ಜಾಗದಲ್ಲಿ ಕೂತಿರುವ ಅರ್ಧಾಕ್ಷರ.

ಅಕ್ಷರ ಒಡೆಯುವ ರೀತಿಯೂ ಬೇರೆ. ‘ಅಕ್ಕ’ ಪದವನ್ನು ನಾವು ಅ, ಕ್ಕ ಎಂದು ಬರೆಯುತ್ತೇವೆ. ಕೊರಿಯನ್ನರು ‘학생’ (ವಿದ್ಯಾರ್ಥಿ) ಅನ್ನು ಹಾಕ್, ಸೇಙ್ ಎಂದು ಎರಡು ಮುಚ್ಚಿದ ಪೆಟ್ಟಿಗೆಯಾಗಿ ಬರೆಯುತ್ತಾರೆ. ಮೊದಲ ಒಂದು ವಾರ ಪ್ರತಿ ಬ್ಲಾಕ್ ಓದುವಾಗಲೂ ಬೆರಳನ್ನು ಮೇಲಿನಿಂದ ಬಲಕ್ಕೆ, ಆಮೇಲೆ ಕೆಳಕ್ಕೆ ಆಡಿಸಿ. ಚಿಕ್ಕ ಮಕ್ಕಳ ಹಾಗೆ ಕಾಣುತ್ತದೆ, ಪರವಾಗಿಲ್ಲ. ಒತ್ತಕ್ಷರದ ಅಭ್ಯಾಸ ಇದರಿಂದ ಬೇಗ ಬಿಡುತ್ತದೆ.

ಆಕಾರಗಳನ್ನು ನೆನಪಿಡಲು ಏನಾದರೂ ದಾರಿ?

ದೊರೆ ಸೆಜೋಂಗ್ 1443ರಲ್ಲಿ ಈ ಲಿಪಿ ರೂಪಿಸಿ 1446ರಲ್ಲಿ ಜನರ ಮುಂದಿಟ್ಟಾಗಲೇ ಆ ದಾರಿ ಕೊಟ್ಟಿದ್ದಾನೆ. ಲಿಪಿಯನ್ನು ವಿವರಿಸುವ ಅಂದಿನ ಗ್ರಂಥವೇ ಹೇಳುವಂತೆ ವ್ಯಂಜನಗಳು ಬಾಯಿಯ ಚಿತ್ರಗಳು. ‘ಕ್’ ಅನ್ನುವಾಗ ನಾಲಗೆಯ ಬುಡ ಎದ್ದು ಗಂಟಲು ಮುಚ್ಚುತ್ತದಲ್ಲ, ಆ ಬಾಗು ㄱ. ‘ನ್’ ಅನ್ನುವಾಗ ನಾಲಗೆ ತುದಿ ಮೇಲೆ ತಾಗುತ್ತದೆ, ಅದು ㄴ. ಮುಚ್ಚಿದ ಬಾಯಿ ㅁ, ಹಲ್ಲು ㅅ, ಗಂಟಲ ದುಂಡು ㅇ.

ಈ ಐದಕ್ಕೆ ಗೆರೆ ಸೇರಿಸುತ್ತಾ ಹೋದರೆ ಬಲವಾದ ಸದ್ದು ಹುಟ್ಟುತ್ತದೆ. ㄱ → ㅋ, ㄴ → ㄷ → ㅌ, ㅁ → ㅂ → ㅍ, ㅅ → ㅈ → ㅊ, ㅇ → ㅎ. ನಮ್ಮ ವರ್ಗೀಯ ವ್ಯಂಜನಗಳನ್ನು ಕಂಠ್ಯ, ದಂತ್ಯ, ಓಷ್ಠ್ಯ ಎಂದು ಕಲಿತಿದ್ದೇವಲ್ಲ, ಅದೇ ವಿಂಗಡಣೆ ಇಲ್ಲಿ ಕಣ್ಣಿಗೇ ಕಾಣುತ್ತದೆ. ಹೀಗೆ ಕುಟುಂಬ ಕುಟುಂಬವಾಗಿ ಕಲಿಯಿರಿ. ಬಿಡಿ ಬಿಡಿಯಾಗಿ ಚಿತ್ರಗಳನ್ನು ಊಹಿಸಿಕೊಂಡು (‘ㄱ ಅಂದರೆ ಕುಡುಗೋಲು’ ಎಂದು) ಕಲಿಯುವುದು ಬೇಡ. ಅದು ಎರಡು ದಿನ ಉಳಿಯುತ್ತದೆ, ಅಷ್ಟೇ.

ಸ್ವರಗಳಲ್ಲಿ ಯಾವುದು ಕಷ್ಟ?

ಎರಡು ಜೋಡಿ. ಒಂದು ㅗ ಮತ್ತು ㅓ. ಇನ್ನೊಂದು ㅜ ಮತ್ತು ㅡ.

ㅗ ನಮ್ಮ ಓ ಇದ್ದ ಹಾಗೆ, ತುಟಿ ಚೆನ್ನಾಗಿ ದುಂಡಗಾಗಬೇಕು. ㅓ ಬೇಕಾದರೆ ‘ಒಂದು’ ಪದದ ಒ ಹೇಳಲು ಶುರುಮಾಡಿ, ನಾಲಗೆ ಅಲುಗಿಸದೆ ತುಟಿಯನ್ನು ಮಾತ್ರ ಸಡಿಲ ಬಿಡಿ. ಅ ಮತ್ತು ಒ ನಡುವಿನ ಒಂದು ಸದ್ದು ಬರುತ್ತದೆ. ಇದು ಬರದಿದ್ದರೆ ಏನಾಗುತ್ತದೆ? 커피 ಅಂದರೆ ಕಾಫಿ. 코피 ಅಂದರೆ ಮೂಗಿನಿಂದ ಸುರಿಯುವ ರಕ್ತ. ಫಿಲ್ಟರ್ ಕಾಫಿ ಕುಡಿದು ಬೆಳೆದ ನಾಡಿನವರು ಹೋಟೆಲಿಗೆ ಹೋಗಿ ಎರಡನೆಯದನ್ನು ಕೇಳಿದರೆ ಚೆನ್ನಾಗಿರುವುದಿಲ್ಲ.

ㅜ ನಮ್ಮ ಉ. ㅡ ಬೇಕಾದರೆ ಉ ಅನ್ನುತ್ತಲೇ ತುಟಿಯನ್ನು ಈ ಅನ್ನುವ ಹಾಗೆ ಅಗಲಿಸಿ. ಕರಾವಳಿಯವರಿಗೆ ಇಲ್ಲಿ ಲಾಭ ಇದೆ. ತುಳುವಿನಲ್ಲಿ ಹತ್ತು ಎನ್ನುವುದಕ್ಕೆ ‘ಪತ್ತ್’ ಎಂದು ಬರೆದು, ಕೊನೆಗೆ ಒಂದು ಅರ್ಧ ಉಕಾರ ಎಳೆಯುತ್ತಾರಲ್ಲ, ಅದು ㅡಗೆ ತೀರಾ ಹತ್ತಿರ. ಕೊಡವ ಮಾತಾಡುವವರ ಬಾಯಲ್ಲೂ ಇಂಥದೇ ಸ್ವರ ಇದೆ. ಉಳಿದವರು ಒಂದು ವಾರ ಕನ್ನಡಿ ಮುಂದೆ ನಿಲ್ಲಬೇಕು.

ㅐ ಮತ್ತು ㅔ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಇಂದಿನ ಹೆಚ್ಚಿನ ಕೊರಿಯನ್ನರ ಮಾತಿನಲ್ಲಿ ಎರಡೂ ಒಂದೇ. ಕಿವಿಯಿಂದ ಬೇರೆ ಮಾಡಲು ಹೋಗದೆ, ಪದವನ್ನು ಕಾಗುಣಿತದ ಸಮೇತ ನೆನಪಿಡಿ: 개 ನಾಯಿ, 게 ಏಡಿ. ನಮ್ಮ ಹ್ರಸ್ವ ದೀರ್ಘದ ಲೆಕ್ಕವನ್ನೂ ಬಿಡಿ. 가 ಎಂಬುದು ‘ಕ’ವೂ ಅಲ್ಲ, ‘ಕಾ’ ಕೂಡ ಅಲ್ಲ. ರಾಜಧಾನಿ ಸೋಲ್‌ನ ಈಗಿನ ಮಾತಿನಲ್ಲಿ ಉದ್ದ ಗಿಡ್ಡದಿಂದ ಅರ್ಥ ಬೇರೆಯಾಗುವುದಿಲ್ಲ.

ㄱ ಅಂದರೆ ಕ ನಾ, ಗ ನಾ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಇದೇ ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ. ಎರಡೂ ಹೌದು, ಜಾಗ ನೋಡಿಕೊಂಡು. ಪದದ ಮೊದಲಿಗೆ ಬಂದರೆ ಕ ಹತ್ತಿರ, ಎರಡು ಸ್ವರದ ನಡುವೆ ಅಥವಾ ㄴ ㅁ ㅇ ㄹ ಆದ ಮೇಲೆ ಬಂದರೆ ಗ. 가구 (ಪೀಠೋಪಕರಣ) ‘ಕಾಗು’ ಆಗುತ್ತದೆ. ಅಕ್ಷರ ಒಂದೇ, ಸದ್ದು ಎರಡು. ㄷ ㅂ ㅈ ಕೂಡ ಹೀಗೆಯೇ ತ/ದ, ಪ/ಬ, ಚ/ಜ ಆಗುತ್ತವೆ.

ವಿಚಿತ್ರ ಅನ್ನಿಸಿದರೆ ಹೈಸ್ಕೂಲಿನ ಆದೇಶ ಸಂಧಿ ನೆನಪಿಸಿಕೊಳ್ಳಿ. ಮಳೆ + ಕಾಲ = ಮಳೆಗಾಲ. ಬೆಟ್ಟ + ತಾವರೆ = ಬೆಟ್ಟದಾವರೆ. ಕಣ್ + ಪನಿ = ಕಂಬನಿ. ಸ್ವರದ ನಡುವೆ, ಅನುನಾಸಿಕದ ಪಕ್ಕ ಕ ತ ಪ ಮೆತ್ತಗಾಗಿ ಗ ದ ಬ ಆಗುವುದು ನಮಗೇನು ಹೊಸದಲ್ಲ. ವ್ಯತ್ಯಾಸ ಇಷ್ಟೇ: ನಾವು ಬದಲಾದದ್ದನ್ನು ಬರೆದೂ ತೋರಿಸುತ್ತೇವೆ, ಅವರು ಬರೆಯುವುದಿಲ್ಲ.

ㄱ, ㅋ, ㄲ ಮೂರೂ ನನಗೆ ಒಂದೇ ಥರ ಕೇಳಿಸುತ್ತವೆ. ಏನು ಮಾಡಲಿ?

ㅋ ನಮ್ಮ ಖ, ಗಾಳಿ ಜೋರಾಗಿ ಬರಬೇಕು. ಅಂಗೈಯನ್ನು ಬಾಯಿಯ ಮುಂದೆ ಹಿಡಿದರೆ ಉಸಿರು ತಾಗಬೇಕು. ಆಡುಮಾತಿನಲ್ಲಿ ಮಹಾಪ್ರಾಣ ನುಂಗುವವರು ಇಲ್ಲಿ ಸ್ವಲ್ಪ ಶ್ರಮ ಪಡಬೇಕು.

ㄲ ಅಂದರೆ ‘ಅಕ್ಕ’ದ ಕ್ಕ. ಗಂಟಲು ಬಿಗಿ, ಗಾಳಿ ಇಲ್ಲ. ಕೊರಿಯನ್ನರು ಅಪ್ಪನಿಗೆ 아빠 ಅನ್ನುತ್ತಾರೆ. ಹೇಳಿ ನೋಡಿ, ನಮ್ಮ ‘ಅಪ್ಪ’ನೇ. ಆ ಪ್ಪ ಸದ್ದು ㅃ. ಅದನ್ನು ಪದದ ಆರಂಭಕ್ಕೆ ತಂದರೆ 빵 (ಬ್ರೆಡ್) ಆಯಿತು.

ಪದದ ಮೊದಲಿನ ㄱ ಮಾತ್ರ ನಮ್ಮಲ್ಲಿಲ್ಲ. ಅದರಲ್ಲಿ ಸಣ್ಣ ಗಾಳಿ ಇರುತ್ತದೆ, ಗಂಟಲು ಸಡಿಲ ಇರುತ್ತದೆ, ಧ್ವನಿ ತಗ್ಗಿನಲ್ಲಿ ಶುರುವಾಗುತ್ತದೆ. ನಾವು ಶುದ್ಧ ಕನ್ನಡದ ‘ಕ’ ಹೇಳಿದರೆ ಅವರ ಕಿವಿಗೆ ಅದು ಎಷ್ಟೋ ಸಲ ㄲ ಆಗಿ ಕೇಳಿಸುತ್ತದೆ. ಕೇಳುವಾಗ ಗಾಳಿಗಿಂತ ಸ್ವರದ ಏರಿಳಿತ ಗಮನಿಸಿ. ಸೋಲ್ ಮಾತಿನಲ್ಲಿ ㅋ ㅌ ㅍ ಆದ ಮೇಲೆ ಧ್ವನಿ ಎತ್ತರದಲ್ಲಿರುತ್ತದೆ, ㄱ ㄷ ㅂ ಆದ ಮೇಲೆ ತಗ್ಗಿನಲ್ಲಿ. 달 (ಚಂದ್ರ), 탈 (ಮುಖವಾಡ), 딸 (ಮಗಳು) ಈ ಮೂರನ್ನು ಕೇಳುತ್ತಾ ಬರೆಯಿರಿ. ಹತ್ತರಲ್ಲಿ ಎಂಟು ಸರಿಯಾದರೆ ಮುಂದಕ್ಕೆ ಹೋಗಬಹುದು. ಪೂರ್ತಿ ಹತ್ತಕ್ಕೆ ಕಾಯಬೇಡಿ. ಪರೀಕ್ಷೆಯಲ್ಲಿ ಪದ ಒಂಟಿಯಾಗಿ ಬರುವುದು ಅಪರೂಪ, ಸಂದರ್ಭ ಕೈಹಿಡಿಯುತ್ತದೆ.

ಎಲ್ಲವನ್ನೂ ಕನ್ನಡ ಅಕ್ಷರದಲ್ಲಿ ಬರೆದಿಟ್ಟುಕೊಂಡು ಓದಬಹುದಾ?

ಮೊದಲ ಮೂರು ದಿನ ಮಾತ್ರ. ನಾನು ಈ ತಪ್ಪು ಮಾಡಿದವನು. ಒಂದು ಇನ್ನೂರು ಪುಟದ ನೋಟ್‌ಬುಕ್ ತುಂಬಾ ‘ಅನ್ನ್ಯಂಗ್ ಹಸೆಯೊ’ ಥರ ಕನ್ನಡದಲ್ಲಿ ಬರೆದು, ಗಟ್ಟಿಯಾಗಿ ಓದಿ, ಭಾಷೆ ಬಂತು ಅಂದುಕೊಂಡಿದ್ದೆ. ಹಳೆಯ ಪ್ರಶ್ನೆಪತ್ರಿಕೆ ಇಟ್ಟುಕೊಂಡು ಕೂತಾಗ 안녕하세요 ಒಂದನ್ನು ಬಿಟ್ಟರೆ ಯಾವ ಪದವೂ ಪರಿಚಯದ್ದು ಅನ್ನಿಸಲಿಲ್ಲ. ನನಗೆ ಗೊತ್ತಿದ್ದದ್ದು ನನ್ನ ಕನ್ನಡ ಸಾಲುಗಳು, ಅಷ್ಟೇ.

ಮೇಲಿನ ಪ್ರಶ್ನೆಗಳನ್ನು ಓದಿದ್ದರೆ ಕಾರಣ ಗೊತ್ತಾಗಿರುತ್ತದೆ. ㅓ ಬರೆಯಲು ನಮ್ಮಲ್ಲಿ ಅಕ್ಷರ ಇಲ್ಲ, ㅡಗೂ ಇಲ್ಲ. ಎರಡನ್ನೂ ಒ, ಉ ಎಂದು ಬರೆದ ಕ್ಷಣವೇ ಎರಡು ಬೇರೆ ಪದಗಳು ಒಂದಾಗಿಬಿಡುತ್ತವೆ. ಈ ಬರಹದಲ್ಲೂ ನಾನು ಕನ್ನಡದಲ್ಲಿ ಕೊಟ್ಟಿರುವ ಉಚ್ಚಾರ ದಾರಿ ತೋರಿಸಲಷ್ಟೇ ಇದೆ, ಬಾಯಿಪಾಠಕ್ಕಲ್ಲ.

ಬಚ್ಚಿಮ್ ಅಂದರೆ ಏನು? ಎಲ್ಲರೂ ಯಾಕೆ ಹೆದರಿಸುತ್ತಾರೆ?

ಬ್ಲಾಕ್‌ನ ತಳದಲ್ಲಿ ಕೂರುವ ವ್ಯಂಜನವೇ ಬಚ್ಚಿಮ್ (받침). ಆಸರೆ, ಊರುಗೋಲು ಎಂಬ ಅರ್ಥದ ಪದ. ಬರೆಯುವಾಗ ಅಲ್ಲಿ ಬೇಕಾದಷ್ಟು ಬಗೆ ಬರುತ್ತವೆ, ಆದರೆ ಉಚ್ಚಾರದಲ್ಲಿ ಉಳಿಯುವುದು ಏಳೇ: ㄱ ㄴ ㄷ ㄹ ㅁ ㅂ ㅇ. ತಳದಲ್ಲಿ ಬಂದ ㅅ ㅆ ㅈ ㅊ ㅌ ಎಲ್ಲವೂ ‘ತ್’ ಆಗುತ್ತವೆ. 옷 (ಬಟ್ಟೆ), 꽃 (ಹೂವು), 낮 (ಹಗಲು) ಮೂರರ ಕೊನೆಯೂ ಒಂದೇ ತ್. ಅದೂ ಬಿಡುಗಡೆಯಾಗದ ತ್: ನಾಲಗೆ ತಾಗಿ ಅಲ್ಲೇ ನಿಲ್ಲಬೇಕು. ‘ಓತು’ ಎಂದು ಕೊನೆಗೆ ಉ ಎಳೆಯಬಾರದು. ಬಸ್ಸು, ಕಾರು ಎಂದು ಎಲ್ಲಕ್ಕೂ ಉ ಹಚ್ಚುವ ನಮ್ಮ ಬಾಯಿಗೆ ಇದೇ ಪರೀಕ್ಷೆ.

ಮೇಲೆ ಬಂದಾಗ ಸದ್ದಿಲ್ಲದ ㅇ, ತಳದಲ್ಲಿ ಬಂದರೆ ಙ ಆಗುತ್ತದೆ: 방 (ಕೋಣೆ). ವರ್ಣಮಾಲೆಯಲ್ಲಿ ಕಲಿತು ಮರೆತ ಙ ಕೊನೆಗೂ ಒಂದು ಕೆಲಸಕ್ಕೆ ಬಂತು.

닭 (ಕೋಳಿ), 값 (ಬೆಲೆ), 여덟 (ಎಂಟು) ಥರ ತಳದಲ್ಲಿ ಎರಡೆರಡು ಇದ್ದರೆ ಒಂಟಿಯಾಗಿ ಹೇಳುವಾಗ ಒಂದು ಮಾತ್ರ ಕೇಳುತ್ತದೆ: ತಾಕ್, ಕಾಪ್, ಯೊದೊಲ್. ಇವಕ್ಕೆ ನಿಯಮ ಹುಡುಕುತ್ತಾ ಕೂರಬೇಡಿ. ಮೊದಲ ಹಂತದಲ್ಲಿ ಬರುವವು ಬೆರಳೆಣಿಕೆಯಷ್ಟು, ಪದವಾಗಿಯೇ ಕಲಿತುಬಿಡಿ.

ಬರೆದಿರುವುದು ಒಂದು, ಆಡಿಯೋದಲ್ಲಿ ಕೇಳುವುದು ಇನ್ನೊಂದು. ಯಾಕೆ?

ಇಲ್ಲಿ ಸ್ವಲ್ಪ ನಿಂತು ಓದಿ. ಕೇಳುವ ವಿಭಾಗದಲ್ಲಿ ಅಂಕ ಹೋಗುವುದು ಹೆಚ್ಚಾಗಿ ಇಲ್ಲೇ. ಒಂದು ವಾಕ್ಯ ತೆಗೆದುಕೊಳ್ಳೋಣ:

제 친구는 학교 앞에서 꽃을 삽니다.

‘ನನ್ನ ಸ್ನೇಹಿತ ಶಾಲೆಯ ಮುಂದೆ ಹೂವು ಕೊಳ್ಳುತ್ತಾನೆ’ ಎಂದು ಅರ್ಥ. ಕಾಗದದ ಮೇಲೆ ಇರುವುದು ಇದು. ಕಿವಿಗೆ ಬೀಳುವುದು ಹೀಗೆ:

제 친구는 학꾜 아페서 꼬츨 삼니다.

ಒಂದೊಂದಾಗಿ ನೋಡಿ. 친구 ಬರೆದಂತೆಯೇ ಇದೆ, ㄴ ಆದ ಮೇಲೆ ಬಂದ ㄱ ಮೆತ್ತಗಾಗಿ ಗ ಆಗಿದೆ. ‘ಕಂಬನಿ’ಯ ಲೆಕ್ಕ.

학교ದಲ್ಲಿ ತಳದ ㄱ, ಮುಂದಿನ ㄱ ಎರಡೂ ಡಿಕ್ಕಿ ಹೊಡೆದು ಎರಡನೆಯದು ಬಿಗಿಯಾಗಿದೆ: 학꾜. ಮುಚ್ಚಿದ ಸದ್ದಿನ ಮುಂದೆ ಬಂದ ㄱ ㄷ ㅂ ㅅ ㅈ ಹೀಗೆ ಬಿಗಿಯಾಗುತ್ತವೆ. ‘ಅಕ್ಕ’ ಹೇಳುವ ಬಾಯಿಗೆ ಇದು ತಾನಾಗಿಯೇ ಬರುತ್ತದೆ.

앞 ಒಂಟಿಯಾಗಿದ್ದಾಗ ‘ಆಪ್’. ಮುಂದೆ 에 ಬಂದಿದೆ, ಅದರ ㅇ ಖಾಲಿ ಕುರ್ಚಿ. ತಳದಲ್ಲಿದ್ದ ㅍ ಎದ್ದು ಹೋಗಿ ಆ ಕುರ್ಚಿಯಲ್ಲಿ ಕೂರುತ್ತದೆ: 아페서. 꽃을 ಕೂಡ ಹಾಗೆಯೇ 꼬츨. ಗಮನಿಸಿ, ಒಂಟಿಯಾಗಿದ್ದಾಗ ‘ತ್’ ಆಗಿದ್ದ ㅊ ಈಗ ತನ್ನ ನಿಜ ಸದ್ದು ತೋರಿಸಿದೆ. ಕೊನೆಗೆ ತ್ ಎಂದೇ ಕೇಳುವ ಪದಕ್ಕೆ ㅅ ಬರೆಯಬೇಕಾ ㅊ ಬರೆಯಬೇಕಾ ಎಂದು ಗೊಂದಲವಾದರೆ ಮುಂದೆ ಒಂದು ಸ್ವರ ಹಚ್ಚಿ ಹೇಳಿದ್ದನ್ನು ಕೇಳಿ. 옷이 ‘ಓಶಿ’ ಆಗುತ್ತದೆ, 꽃이 ‘ಕ್ಕೋಛಿ’ ಆಗುತ್ತದೆ. ಗುಟ್ಟು ಹೊರಬಿತ್ತು.

ಕೊನೆಯದು 삽니다. ㅂ ಪಕ್ಕದಲ್ಲಿ ㄴ ಬಂದರೆ ಅದು ㅁ ಆಗುತ್ತದೆ: 삼니다. 한국말 (ಕೊರಿಯನ್ ಮಾತು) ಪದದಲ್ಲಿ ㄱ ಪಕ್ಕ ㅁ ಬಂದು 한궁말 ಆಗುತ್ತದೆ. ವಾಕ್ + ಮಯ = ವಾಙ್ಮಯ ಓದಿದವರಿಗೆ ವಿವರಣೆ ಬೇಕಾ? ಕ್ ಆದ ಮೇಲೆ ಮ್ ಬಂದು ಙ್ ಆಗಿದೆ. ಅನುನಾಸಿಕ ಸಂಧಿ, ಅಕ್ಷರಶಃ ಅದೇ. ಹಾಗೆಯೇ 책이에요 (‘ಇದು ಪುಸ್ತಕ’) 채기에요 ಆಗುವುದು ವಾಕ್ + ಈಶ = ವಾಗೀಶ ಆದ ಹಾಗೆ. ಎಸ್ಸೆಸ್ಸೆಲ್ಸಿಯಲ್ಲಿ ಎರಡು ಅಂಕಕ್ಕೆ ಬಾಯಿಪಾಠ ಮಾಡಿದ್ದು ಇಷ್ಟು ದೂರ ಬರುತ್ತದೆ ಅಂದುಕೊಂಡಿರಲಿಲ್ಲ.

ಇನ್ನೊಂದು ಸಣ್ಣದು: ತಳದ ㅎ ಮುಂದೆ ಸ್ವರ ಬಂದರೆ ಮಾಯವಾಗುತ್ತದೆ. 좋아요 (ಚೆನ್ನಾಗಿದೆ) 조아요 ಎಂದು ಕೇಳುತ್ತದೆ, 많이 (ತುಂಬಾ) 마니 ಎಂದು.

ದಿನಕ್ಕೆ ಇಂಥ ಎರಡು ವಾಕ್ಯ ಸಾಕು. ಮೇಲಿನ ಸಾಲಿನಲ್ಲಿ ಬರೆದಿರುವಂತೆ, ಕೆಳಗಿನ ಸಾಲಿನಲ್ಲಿ ಕೇಳುವಂತೆ, ಎರಡೂ ಹಂಗುಲ್‌ನಲ್ಲೇ ಬರೆಯಿರಿ. ಆಮೇಲೆ ಆಡಿಯೋ ಹಾಕಿ ತಾಳೆ ನೋಡಿ.

ಕೈಬರಹದಲ್ಲಿ ಏನು ತಪ್ಪಾಗುತ್ತದೆ?

ನಮ್ಮ ಕೈ ಎಲ್ಲವನ್ನೂ ದುಂಡಗೆ ಮಾಡುತ್ತದೆ. ಕನ್ನಡ ಬರೆದ ಕೈ ಅಲ್ವಾ. ㅁ ಬರೆದರೆ ಮೂಲೆಗಳು ಸವೆದು ㅇ ಆಗುತ್ತದೆ, 마 ಹೋಗಿ 아 ಆಗುತ್ತದೆ. ಹಾಗಾಗಿ ㅁ ಅನ್ನು ಒಂದೇ ಎಳೆತದಲ್ಲಿ ಬರೆಯಬೇಡಿ. ಮೂರು ಗೆರೆ: ಎಡಗೆರೆ, ಮೇಲಿಂದ ಬಲಕ್ಕೆ ಬಾಗಿ ಇಳಿಯುವ ಗೆರೆ, ಕೊನೆಗೆ ತಳ. ㅂಗೆ ಎರಡು ನಿಂತ ಗೆರೆ ಮೊದಲು, ಅಡ್ಡ ಗೆರೆ ಎರಡು ಆಮೇಲೆ. ㄹ ಮೂರು ಗೆರೆ. ಅವಸರದಲ್ಲಿ ಸುತ್ತಿದರೆ ಅದು ㅌ ಥರ ಕಾಣುತ್ತದೆ. ㅇ ಮೇಲಿನಿಂದ ಎಡಕ್ಕೆ ಸುತ್ತಿ ಬರುತ್ತದೆ. ಉಳಿದದ್ದಕ್ಕೆಲ್ಲ ಮೇಲಿನಿಂದ ಕೆಳಗೆ, ಎಡದಿಂದ ಬಲಕ್ಕೆ ಎಂಬ ಒಂದೇ ನಿಯಮ ಸಾಕು.

ಮಕ್ಕಳ ಲೆಕ್ಕದ ಚೌಕದ ನೋಟ್‌ಬುಕ್ ತನ್ನಿ. ನಾಲ್ಕು ಚೌಕಕ್ಕೆ ಒಂದು ಬ್ಲಾಕ್. 나, 난, 논 ಮೂರೂ ಒಂದೇ ಗಾತ್ರದ ಜಾಗದಲ್ಲಿ ಕೂರಬೇಕು. ಬಚ್ಚಿಮ್ ಬಂದರೆ ಮೇಲಿನವು ಕುಗ್ಗಬೇಕು, ಬ್ಲಾಕ್ ಉದ್ದವಾಗಬಾರದು.

ಒಂದು ಎಚ್ಚರಿಕೆ. ಅಚ್ಚಿನ ㅈ, ㅊ, ㅎ ಒಂದೊಂದು ಫಾಂಟ್‌ನಲ್ಲಿ ಒಂದೊಂದು ಥರ ಕಾಣುತ್ತವೆ. ㅊ ತಲೆಯ ಚುಕ್ಕೆ ಕೆಲವೆಡೆ ನಿಂತಿರುತ್ತದೆ, ಕೆಲವೆಡೆ ಮಲಗಿರುತ್ತದೆ. ಎರಡು ಮೂರು ಫಾಂಟ್‌ಗಳಲ್ಲಿ ಓದಿ ರೂಢಿ ಮಾಡಿಕೊಳ್ಳಿ.

ಉತ್ತರ ಹಾಳೆಯಲ್ಲಿ ನನ್ನ ಹೆಸರನ್ನು ಹಂಗುಲ್‌ನಲ್ಲಿ ಬರೆಯಬೇಕಂತೆ. ಹೇಗೆ?

ಕಾಗದದ ಪರೀಕ್ಷೆಯ ಹಾಳೆಯಲ್ಲಿ ಹೆಸರಿಗೆ ಕೊರಿಯನ್ ಒಂದು, ಇಂಗ್ಲಿಷ್ ಒಂದು ಜಾಗ ಇರುತ್ತದೆ. ನೀವು ಇಡೀ ಪರೀಕ್ಷೆಯಲ್ಲಿ ಕೈಯಾರೆ ಬರೆಯುವ ಹಂಗುಲ್ ಬಹುಶಃ ಇದೊಂದೇ. ಹಾಗಾಗಿ ಮೊದಲೇ ತೀರ್ಮಾನಿಸಿಟ್ಟುಕೊಳ್ಳಿ.

ಪ್ರಕಾಶ್ ಎಂಬ ಹೆಸರು ನೋಡೋಣ. ಹಂಗುಲ್‌ನಲ್ಲಿ ಪ್ರ ಥರ ವ್ಯಂಜನಗಳನ್ನು ಆರಂಭದಲ್ಲಿ ಜೋಡಿಸಲು ಬರುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಸ್ಕೂಲನ್ನು ಇಸ್ಕೂಲು ಮಾಡಿದ ಹಾಗೆ ಅವರು ನಡುವೆ ಒಂದು ㅡ ಸೇರಿಸುತ್ತಾರೆ: 프라. ಹೊರಗಿನ ಪದಗಳ ಕ ತ ಪ ಸದ್ದಿಗೆ ㅋ ㅌ ㅍ ಬಳಸುವುದು ರೂಢಿ, ಹಾಗಾಗಿ ಕಾ 카 ಆಯಿತು. ಕೊನೆಯ ಶ್ 시 ಆಯಿತು. ಒಟ್ಟು 프라카시. ನಾಲ್ಕು ಬ್ಲಾಕ್.

ವ ಇಲ್ಲ, ㅂ ಹಾಕಬೇಕು: ಕವಿತಾ 카비타. ರ ಮತ್ತು ಲ ಎರಡಕ್ಕೂ ㄹ ಒಂದೇ. ಪದದ ನಡುವೆ ಲ ಬೇಕಾದರೆ ಎರಡು ㄹ ಬರೆಯುತ್ತಾರೆ: ಶೀಲಾ 실라. 시라 ಎಂದು ಬರೆದರೆ ಶೀರಾ ಆಗಿಬಿಡುತ್ತದೆ, ತಿನ್ನುವ ಪದಾರ್ಥ. ಗೀತಾ ಎಂಬ ಹೆಸರಿನವರು 기타 ಎಂದು ಬರೆಯಬೇಕು. ಕೊರಿಯನ್‌ನಲ್ಲಿ ಅದಕ್ಕೆ ಗಿಟಾರ್ ಎಂಬ ಅರ್ಥವೂ ಇದೆ, ನಗುವವರು ನಗಲಿ. ಇಂಗ್ಲಿಷ್ ಹೆಸರು ಮಾತ್ರ ಗುರುತಿನ ಚೀಟಿಯಲ್ಲಿ ಇರುವಂತೆಯೇ ಇರಬೇಕು.

ಕಂಪ್ಯೂಟರಿನಲ್ಲಿ ಟೈಪ್ ಮಾಡಲು ಕಲಿಯಬೇಕಾ?

ಕಾಗದದ ಟೋಪಿಕ್ 1ಕ್ಕೆ ಬೇಡ. ಆದರೆ ನಿಘಂಟಿನಲ್ಲಿ ಪದ ಹುಡುಕಲು ಬೇಕೇ ಬೇಕು. ಸಾಮಾನ್ಯ ಕೊರಿಯನ್ ಕೀಬೋರ್ಡಿನಲ್ಲಿ ವ್ಯಂಜನಗಳು ಎಡಗೈಗೆ, ಸ್ವರಗಳು ಬಲಗೈಗೆ. ㄲ ㄸ ㅃ ಥರದವಕ್ಕೆ ಶಿಫ್ಟ್ ಒತ್ತಬೇಕು. ಬ್ಲಾಕ್ ಅದೇ ಕಟ್ಟಿಕೊಳ್ಳುತ್ತದೆ.

```
g k s r m f  →  한글
```

ನಾಲ್ಕು ವಾರವನ್ನು ಹೇಗೆ ಹಂಚಿಕೊಳ್ಳಲಿ?

ಮೊದಲ ವಾರ 24 ಮೂಲ ಅಕ್ಷರ, ಬಚ್ಚಿಮ್ ಇಲ್ಲದ ಬ್ಲಾಕ್‌ಗಳು. ಓದಲು ಗೊತ್ತಿರುವ ಪದಗಳನ್ನೇ ಆರಿಸಿ: 바나나, 버스, 커피, 라디오. ಅರ್ಥ ಮೊದಲೇ ಗೊತ್ತಿರುವುದರಿಂದ ಸರಿಯಾಗಿ ಓದಿದ ಕ್ಷಣ ‘ಓ ಇದಾ’ ಅನ್ನಿಸುತ್ತದೆ. ತಪ್ಪು ಓದಿದರೆ ಅದೂ ತಕ್ಷಣ ಗೊತ್ತಾಗುತ್ತದೆ.

ಎರಡನೇ ವಾರ ಜೋಡಿ ವ್ಯಂಜನ, ಕೂಡು ಸ್ವರ, ಜೊತೆಗೆ ಕೇಳಿ ಬರೆಯುವುದು. ದಿನಕ್ಕೆ ಹತ್ತು ಪದ. ತಪ್ಪುಗಳನ್ನು ಎಣಿಸಿ ಬಿಡಬೇಡಿ, ಯಾವ ಜಾಗದಲ್ಲಿ ತಪ್ಪಿದ್ದು ಎಂದು ಗುರುತು ಹಾಕಿ. ಮೊದಲ ವ್ಯಂಜನವೇ, ಸ್ವರವೇ, ತಳವೇ? ಮೂರ್ನಾಲ್ಕು ದಿನದಲ್ಲಿ ನಿಮ್ಮ ಎಡವಟ್ಟು ಒಂದೇ ಕಡೆ ಗುಂಪಾಗಿರುವುದು ಕಾಣುತ್ತದೆ. ನನ್ನದು ㅓ.

ಮೂರನೇ ವಾರ ಪೂರ್ತಿ ಬಚ್ಚಿಮ್‌ಗೆ. ನಾಲ್ಕನೇ ವಾರ ಮೇಲೆ ಹೇಳಿದ ಎರಡು ಸಾಲಿನ ಅಭ್ಯಾಸ, ಜೊತೆಗೆ topik.go.kr ತಾಣದಲ್ಲಿ ಇರುವ ಹಳೆಯ ಪ್ರಶ್ನೆಪತ್ರಿಕೆ ಮತ್ತು ಆಡಿಯೋ. ಅರ್ಥ ಆಗದಿದ್ದರೂ ಆಡಿಯೋದ ಜೊತೆ ಬೆರಳಿಟ್ಟು ಓದುತ್ತಾ ಹೋಗಿ.

ಓದಲು ಬರುತ್ತದೆ, ಆದರೆ ಅರ್ಥ ಆಗುವುದಿಲ್ಲ. ಇಷ್ಟಕ್ಕೇ ಪರೀಕ್ಷೆ ಕಟ್ಟಬಹುದಾ?

ಬೇಡ. ಲಿಪಿ ಬಂದರೆ ಬಾಗಿಲು ತೆರೆಯಿತು, ಒಳಗೆ ಪದಗಳು ಬೇಕಲ್ಲ. ಒಂದನೇ ಮಟ್ಟಕ್ಕೆ ಸುಮಾರು 800 ಮೂಲ ಪದಗಳು ಬೇಕು ಎಂದು ಪರೀಕ್ಷೆಯವರೇ ಹೇಳುತ್ತಾರೆ. ಲಿಪಿಗೆ ಒಂದು ತಿಂಗಳು ಕೊಟ್ಟು, ಆಮೇಲೆ ದಿನಕ್ಕೆ ಹತ್ತು ಪದದಂತೆ ಹೋದರೂ ಇನ್ನೊಂದು ಮೂರು ತಿಂಗಳು ಹಿಡಿಯುತ್ತದೆ. ಅರ್ಜಿ ಹಾಕುವ ದಿನಾಂಕವನ್ನು ಈ ಲೆಕ್ಕದಿಂದ ಆರಿಸಿ. ಫಲಿತಾಂಶ ಎರಡು ವರ್ಷ ಮಾತ್ರ ಚಾಲ್ತಿಯಲ್ಲಿರುತ್ತದೆ, ಹಾಗಾಗಿ ಕೆಲಸಕ್ಕೋ ಓದಿಗೋ ಬೇಕಾದವರು ತೀರಾ ಮೊದಲೇ ಬರೆಯುವುದೂ ಬೇಡ.

ಲಿಪಿ ಮುಗಿಯಿತು ಎಂದು ಹೇಗೆ ಗೊತ್ತಾಗುತ್ತದೆ?

ಇದನ್ನು ಓದಿ: 오늘은 월요일입니다. 내일은 화요일입니다. ‘ಇವತ್ತು ಸೋಮವಾರ, ನಾಳೆ ಮಂಗಳವಾರ.’ ಓದುವ ವಿಭಾಗದ ಮೊದಲ ಕೆಲವು ಪ್ರಶ್ನೆಗಳು ಇಂಥ ಎರಡು ಪುಟ್ಟ ವಾಕ್ಯ ಕೊಟ್ಟು, ಯಾವುದರ ಬಗ್ಗೆ ಎಂದು ಕೇಳುತ್ತವೆ. ಇಲ್ಲಿ ಉತ್ತರ 요일, ವಾರದ ದಿನ. ಎರಡೂ ವಾಕ್ಯ ಹತ್ತು ಸೆಕೆಂಡಿನಲ್ಲಿ ಮುಗಿದು, 월요일입니다 ಅನ್ನು ಬಾಯಿ ತಾನಾಗಿಯೇ 워료이림니다 ಎಂದು ಹೇಳಿದರೆ ಲಿಪಿಯ ಪುಸ್ತಕ ಮುಚ್ಚಿಡಿ. 월, 요, 일, 입 ಎಂದು ಒಂದೊಂದೇ ಬಡಿಯುತ್ತಾ ಹೋದರೆ ಮೂರನೇ ವಾರಕ್ಕೆ ವಾಪಸ್.